ಮನೆ ಸಣ್ಣದಿದ್ದಾಗ ಕೈ-ಸ್ಕ್ವೇರೋ, ಫಿಶರೋ?

ಮೊದಲು ಒಂದು ಟೇಬಲ್ ನೋಡಿ. 1989ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಪ್ರಕಟವಾದ ಪ್ರಯೋಗದ್ದು. ಹುಟ್ಟಿದ ಕೂಡಲೇ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಯದೆ ಸಾವಿನ ಅಂಚಿಗೆ ಹೋಗಿದ್ದ ಶಿಶುಗಳು ಅವು. ಕೆಲವು ಶಿಶುಗಳಿಗೆ ಎಕ್ಮೋ ಯಂತ್ರ ಹಾಕಿದರು. ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಮತ್ತೆ ಮೈಗೆ ಕಳಿಸುವ ಯಂತ್ರ ಅದು. ಉಳಿದವಕ್ಕೆ ಆಗಿನ ಮಾಮೂಲಿ ಚಿಕಿತ್ಸೆ. ಪ್ರಯೋಗದ ಮೊದಲ ಹಂತದಲ್ಲಿ ಬಂದ ಲೆಕ್ಕ ಹೀಗಿತ್ತು:

| | ಸಾವು | ಬದುಕಿದವರು | ಒಟ್ಟು |
|---|---|---|---|
| ಎಕ್ಮೋ | 0 | 9 | 9 |
| ಮಾಮೂಲಿ | 4 | 6 | 10 |
| ಒಟ್ಟು | 4 | 15 | 19 |

ಇದೇ ಟೇಬಲ್ಲನ್ನು ಕಂಪ್ಯೂಟರ್‌ಗೆ ಕೊಟ್ಟರೆ ಏನಾಗುತ್ತೆ ಗೊತ್ತಾ? ಸಾದಾ ಕೈ-ಸ್ಕ್ವೇರ್ ಪಿ-ವ್ಯಾಲ್ಯೂ 0.033 ಕೊಡುತ್ತದೆ. ಯೇಟ್ಸ್ ತಿದ್ದುಪಡಿ ಹಾಕಿದರೆ 0.116. ಫಿಶರ್ ಎಕ್ಸಾಕ್ಟ್ ಟೆಸ್ಟ್ 0.087 ಅನ್ನುತ್ತದೆ. ಟೇಬಲ್ ಒಂದೇ, ಶಿಶುಗಳು ಅವೇ. ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗಿದ್ದರೆ ವ್ಯತ್ಯಾಸ ಇದೆ ಅನ್ನುವುದು ರೂಢಿ. ಒಂದು ಪರೀಕ್ಷೆ ‘ವ್ಯತ್ಯಾಸ ಇದೆ’ ಅನ್ನುತ್ತದೆ, ಇನ್ನೆರಡು ‘ಹೇಳಲಾರೆ’ ಅನ್ನುತ್ತವೆ. ಪಿಜಿ ಥೀಸಿಸ್ ಬರೆಯುವವರು ನನ್ನ ಹತ್ತಿರ ತರುವ ಟೇಬಲ್‌ಗಳಲ್ಲಿ ಜಾಸ್ತಿ ಭಾಗ ಇಂಥವೇ. ಅವರ ಪ್ರಶ್ನೆಯೂ ಒಂದೇ: ‘ಸರ್, ಯಾವ್ದು ಬರೀಲಿ?’ ಈ ಟೇಬಲ್ಲನ್ನೇ ಇಟ್ಟುಕೊಂಡು ಉತ್ತರಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಟೇಬಲ್ಲಿನ ಒಂದೊಂದು ಚೌಕವನ್ನು ಚೌಕಾಬಾರದಲ್ಲಿ ಕರೆದ ಹಾಗೆ ‘ಮನೆ’ ಅಂತ ಕರೆಯುತ್ತೇನೆ.

ಹೆಜ್ಜೆ 1: ಮನೆಯಲ್ಲಿ ತಲೆ ಎಣಿಕೆ ಇರಲಿ

ನಾಲ್ಕು ಮನೆಗಳಲ್ಲಿ ಇರಬೇಕಾದ್ದು ಜನರ ಸಂಖ್ಯೆ, ಶೇಕಡಾವಾರು ಅಲ್ಲ. ಆನ್‌ಲೈನ್ ಕ್ಯಾಲ್ಕುಲೇಟರ್‌ಗೆ ಶೇಕಡಾವಾರು ತುಂಬಿಸಿ ಬರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಲಿನ ಟೇಬಲ್ಲನ್ನು 0, 100, 40, 60 ಅಂತ ತುಂಬಿಸಿ ನೋಡಿ. ಕೈ-ಸ್ಕ್ವೇರ್ ಬೆಲೆ 50 ಬರುತ್ತದೆ. ನಿಜವಾದ ಬೆಲೆ 4.56. 19 ಶಿಶುಗಳನ್ನು ನೀವು ಸುಮ್ನೆ 200 ಮಾಡಿಬಿಟ್ಟಿರಿ, ಯಂತ್ರ ಅದನ್ನೇ ನಂಬಿತು.

ಇನ್ನೊಂದು ವಿಷಯ. ಒಬ್ಬ ವ್ಯಕ್ತಿ ಒಂದೇ ಮನೆಯಲ್ಲಿ ಒಂದೇ ಸಲ ಇರಬೇಕು. ಅದೇ ರೋಗಿಗಳನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಎಣಿಸಿದ್ದರೆ ಅದು ಜೋಡಿ ಲೆಕ್ಕ. ಅದಕ್ಕೆ ಮೆಕ್‌ನೆಮಾರ್ ಪರೀಕ್ಷೆ ಬೇಕು. ಕೈ-ಸ್ಕ್ವೇರೂ ಅಲ್ಲ, ಫಿಶರೂ ಅಲ್ಲ.

ಹೆಜ್ಜೆ 2: ನಿರೀಕ್ಷಿತ ಸಂಖ್ಯೆ ಲೆಕ್ಕ ಹಾಕಿ

‘ಮನೆಯಲ್ಲಿ 5ಕ್ಕಿಂತ ಕಮ್ಮಿ ಇದ್ದರೆ ಫಿಶರ್’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯ. ಆ 5 ಅನ್ವಯಿಸುವುದು ನೀವು ಕಂಡ ಸಂಖ್ಯೆಗೆ ಅಲ್ಲ, ನಿರೀಕ್ಷಿತ ಸಂಖ್ಯೆಗೆ. ಎರಡು ಗುಂಪಿನ ನಡುವೆ ಏನೂ ವ್ಯತ್ಯಾಸ ಇಲ್ಲದಿದ್ದರೆ ಆ ಮನೆಯಲ್ಲಿ ಎಷ್ಟು ಜನ ಇರಬೇಕಿತ್ತು ಅನ್ನುವುದೇ ನಿರೀಕ್ಷಿತ ಸಂಖ್ಯೆ. ಸಾಲಿನ ಒಟ್ಟನ್ನು ಕಂಬದ ಒಟ್ಟಿನಿಂದ ಗುಣಿಸಿ, ಪೂರ್ತಿ ಒಟ್ಟಿನಿಂದ ಭಾಗಿಸಿದರೆ ಸಿಗುತ್ತದೆ.

ನಮ್ಮ ಟೇಬಲ್ಲಿನ ಎಕ್ಮೋ-ಸಾವು ಮನೆಗೆ 9 × 4 ÷ 19, ಅಂದರೆ 1.89. ಮಾಮೂಲಿ-ಸಾವು ಮನೆಗೆ 10 × 4 ÷ 19, ಅಂದರೆ 2.11. ಬದುಕಿದವರ ಎರಡು ಮನೆಗಳಿಗೆ 7.11 ಮತ್ತು 7.89. ನಾಲ್ಕರಲ್ಲಿ ಎರಡು ಮನೆ 5ಕ್ಕಿಂತ ಕೆಳಗಿವೆ.

ಕಂಡ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ ಇರುವ ಫರಕು ಗೊತ್ತಾಗಲು ಎರಡು ಕಲ್ಪಿತ ಟೇಬಲ್ ಹೇಳುತ್ತೇನೆ. ಎರಡು ಗುಂಪು, ತಲಾ 40 ರೋಗಿಗಳು. ಗಾಯಕ್ಕೆ ಸೋಂಕು ತಗುಲಿದ್ದು ಒಂದರಲ್ಲಿ 3 ಜನಕ್ಕೆ, ಇನ್ನೊಂದರಲ್ಲಿ 13 ಜನಕ್ಕೆ. 3 ಕಂಡ ಕೂಡಲೇ ಫಿಶರ್ ಕಡೆ ಓಡುವವರಿದ್ದಾರೆ. ಆದರೆ ಆ ಮನೆಯ ನಿರೀಕ್ಷಿತ ಸಂಖ್ಯೆ 8. ಕೈ-ಸ್ಕ್ವೇರ್ ಧಾರಾಳವಾಗಿ ಹಾಕಬಹುದು. ಈಗ ಎರಡನೆಯದು. ತಲಾ 200 ರೋಗಿಗಳು, ಸೋಂಕು ಒಂದರಲ್ಲಿ 1, ಇನ್ನೊಂದರಲ್ಲಿ 7. ‘ನಾನ್ನೂರು ಜನ ಇದ್ದಾರಲ್ವಾ, ಸ್ಯಾಂಪಲ್ ದೊಡ್ಡದು’ ಅನ್ನಿಸುತ್ತದೆ. ಆದರೆ ಸೋಂಕಿನ ಎರಡೂ ಮನೆಗಳ ನಿರೀಕ್ಷಿತ ಸಂಖ್ಯೆ ಬರೀ 4. ಇಲ್ಲಿ ಸಾದಾ ಕೈ-ಸ್ಕ್ವೇರ್ 0.032 ಕೊಟ್ಟರೆ ಫಿಶರ್ ಸುಮಾರು 0.07 ಕೊಡುತ್ತದೆ. ತೊಂದರೆ ಕೊಡುವುದು ಸ್ಯಾಂಪಲ್ ಸಣ್ಣದಿರುವುದಷ್ಟೇ ಅಲ್ಲ. ಘಟನೆ ಅಪರೂಪದ್ದಾದರೂ ಅದೇ ಪಾಡು.

ಎಸ್‌ಪಿಎಸ್‌ಎಸ್ ಬಳಸುವವರು ಕೈ-ಸ್ಕ್ವೇರ್ ಟೇಬಲ್ಲಿನ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಓದಿ. ನಮ್ಮ ಟೇಬಲ್‌ಗೆ ಅಲ್ಲಿ `2 cells (50.0%) have expected count less than 5. The minimum expected count is 1.89.` ಎಂದು ಬರುತ್ತದೆ. ಇಡೀ ಔಟ್‌ಪುಟ್‌ನಲ್ಲಿ ಮೊದಲು ಓದಬೇಕಾದ ಸಾಲು ಅದೇ. ಥೀಸಿಸ್‌ಗೆ ಟೇಬಲ್ ನಕಲು ಮಾಡುವಾಗ ಎಲ್ಲರೂ ಕತ್ತರಿಸಿ ಬಿಸಾಡುವುದೂ ಅದನ್ನೇ!

ಹೆಜ್ಜೆ 3: ಕೈ-ಸ್ಕ್ವೇರ್ ಎಲ್ಲಿ ಎಡವುತ್ತದೆ ಅಂತ ತಿಳಿದುಕೊಳ್ಳಿ

ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಈ ಪರೀಕ್ಷೆ ಒಂದು ಅಂದಾಜು. ಟೇಬಲ್ಲಿನಿಂದ ಒಂದು ಸಂಖ್ಯೆ ಬರುತ್ತದೆ. ಅದನ್ನು ನುಣುಪಾದ ಒಂದು ರೇಖೆಗೆ ಹೋಲಿಸಿ ಪಿ-ವ್ಯಾಲ್ಯೂ ಓದುತ್ತೇವೆ. ಆದರೆ ಸಾವಿನ ಲೆಕ್ಕ ನುಣುಪಾಗಿ ಬದಲಾಗುವುದಿಲ್ಲ. 0, 1, 2 ಅಂತ ಮೆಟ್ಟಿಲು ಹತ್ತುತ್ತದೆ. ಜನ ತುಂಬಾ ಇದ್ದರೆ ಮೆಟ್ಟಿಲುಗಳು ಎಷ್ಟು ಸಣ್ಣವೆಂದರೆ ದೂರದಿಂದ ಇಳಿಜಾರಿನ ಹಾಗೆಯೇ ಕಾಣುತ್ತವೆ. ಆಗ ಅಂದಾಜು ಸರಿಹೋಗುತ್ತದೆ. ನಿರೀಕ್ಷಿತ ಸಂಖ್ಯೆ ಎರಡೋ ಮೂರೋ ಇದ್ದಾಗ ಒಂದೊಂದು ಮೆಟ್ಟಿಲೂ ಆಳೆತ್ತರ. ರೇಖೆಗೂ ನಿಜಕ್ಕೂ ಹೊಂದುವುದಿಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಎಕ್ಮೋದ್ದೇ ಇನ್ನೊಂದು ಪ್ರಯೋಗ ಇದೆ. 1985ರದು, ಮಿಶಿಗನ್ ವಿಶ್ವವಿದ್ಯಾಲಯದ್ದು. ಗೆದ್ದ ಚಿಕಿತ್ಸೆಯ ಕಡೆಗೆ ಮುಂದಿನ ಶಿಶು ಹೋಗುವ ಸಾಧ್ಯತೆ ಹೆಚ್ಚುತ್ತಾ ಹೋಗುವಂತೆ ಚೀಟಿ ಎತ್ತುವ ಕ್ರಮವನ್ನು ರೂಪಿಸಿದ್ದರು. ಕೊನೆಗೆ ಎಕ್ಮೋ ಗುಂಪಿನಲ್ಲಿ 11 ಶಿಶುಗಳು, ಎಲ್ಲವೂ ಬದುಕಿದವು. ಮಾಮೂಲಿ ಗುಂಪಿನಲ್ಲಿ ಒಂದೇ ಒಂದು ಶಿಶು, ಅದು ಉಳಿಯಲಿಲ್ಲ. ಈ ಟೇಬಲ್‌ಗೆ ಸಾದಾ ಕೈ-ಸ್ಕ್ವೇರ್ ಹಾಕಿದರೆ ಬೆಲೆ 12, ಪಿ-ವ್ಯಾಲ್ಯೂ 0.0005. ಒಂದು ಶಿಶುವಿನ ಸಾವಿನಿಂದ ಎರಡು ಸಾವಿರಕ್ಕೆ ಒಂದರಷ್ಟು ಬಲವಾದ ಪುರಾವೆ! ಫಿಶರ್ ಪ್ರಕಾರ 12ರಲ್ಲಿ 1, ಅಂದರೆ 0.083. 12 ಶಿಶುಗಳಲ್ಲಿ ಸಾಯುವುದು ಒಂದೇ ಅಂತಾದರೆ, ಅದು ಆ ಒಂಟಿ ಜಾಗಕ್ಕೇ ಬೀಳುವ ಸಾಧ್ಯತೆ ಹನ್ನೆರಡರಲ್ಲಿ ಒಂದು ತಾನೇ? ಬೆರಳೆಣಿಕೆಯಲ್ಲೇ ಗೊತ್ತಾಗುತ್ತದೆ, ಇಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಅಂತ.

ಹೆಜ್ಜೆ 4: ಫಿಶರ್ ಅನ್ನು ಒಮ್ಮೆ ಕೈಯಲ್ಲೇ ಮಾಡಿ

ಸಾಫ್ಟ್‌ವೇರ್ ಇದ್ದೇ ಇದೆ. ಆದರೂ ಒಂದು ಸಲ ಕೈಯಲ್ಲಿ ಮಾಡಿದರೆ ಈ ಪರೀಕ್ಷೆ ಏನು ಕೇಳುತ್ತಿದೆ ಅನ್ನುವುದು ಜನ್ಮಕ್ಕೆ ಮರೆಯುವುದಿಲ್ಲ.

ಬೋಸ್ಟನ್ ಟೇಬಲ್‌ಗೆ ವಾಪಸ್ ಬನ್ನಿ. 19 ಶಿಶುಗಳು, 4 ಸಾವು. ಚಿಕಿತ್ಸೆಯಿಂದ ಏನೂ ಫರಕು ಇಲ್ಲ ಅಂತ ಇಟ್ಟುಕೊಳ್ಳಿ. ಆಗ ಆ 4 ಸಾವು 19 ಜಾಗಗಳಲ್ಲಿ ಎಲ್ಲಿ ಬೇಕಾದರೂ ಬೀಳಬಹುದಿತ್ತು. 19ರಲ್ಲಿ 4 ಆರಿಸುವ ಬಗೆಗಳು 3876. ಇನ್ನು ಅವುಗಳನ್ನು ಎಕ್ಮೋ ಗುಂಪಿಗೆ ಎಷ್ಟು ಸಾವು ಬಂತು ಅನ್ನುವುದರ ಮೇಲೆ ವಿಂಗಡಿಸಿ:

| ಎಕ್ಮೋ ಗುಂಪಿನ ಸಾವು | ಎಷ್ಟು ಬಗೆ | ಸಾಧ್ಯತೆ |
|---|---|---|
| 0 | 210 | 0.054 |
| 1 | 1080 | 0.279 |
| 2 | 1620 | 0.418 |
| 3 | 840 | 0.217 |
| 4 | 126 | 0.033 |

ನಾವು ಕಂಡದ್ದು ಮೊದಲ ಸಾಲು. ಒಂದು ಬದಿಯ ಪಿ-ವ್ಯಾಲ್ಯೂ 210 ÷ 3876, ಅಂದರೆ 0.054. ಎರಡು ಬದಿಯದು ಬೇಕಾದರೆ, ಇಷ್ಟೇ ಅಪರೂಪದ ಅಥವಾ ಇದಕ್ಕಿಂತ ಅಪರೂಪದ ಸಾಲುಗಳನ್ನೆಲ್ಲ ಕೂಡಿಸಬೇಕು. ಅಂಥದ್ದು ಕೊನೆಯ ಸಾಲು ಒಂದೇ. 210ಕ್ಕೆ 126 ಸೇರಿಸಿದರೆ 336. ಅದನ್ನು 3876ರಿಂದ ಭಾಗಿಸಿದರೆ 0.087. ರೇಖೆ ಇಲ್ಲ, ಅಂದಾಜಿಲ್ಲ, ಬರೀ ಎಣಿಕೆ. ಹೆಸರಿನಲ್ಲಿ ‘ಎಕ್ಸಾಕ್ಟ್’ ಬಂದದ್ದು ಅದಕ್ಕೇ.

ಹೆಜ್ಜೆ 5: ಫಿಶರ್‌ನ ಜಿಪುಣತನವನ್ನೂ ನೋಡಿ

ಇಲ್ಲಿಗೆ ನಿಲ್ಲಿಸಿ ‘ಸರಿ, ಯಾವಾಗಲೂ ಫಿಶರ್ ಹಾಕಿದರಾಯ್ತು’ ಅನ್ನುವವರು ಬಹಳ ಜನ. ಮೇಲಿನ ಐದು ಸಾಲುಗಳನ್ನು ಇನ್ನೊಮ್ಮೆ ನೋಡಿ. ಎರಡು ಬದಿಯ ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಹೋಗುವುದು ಯಾವ ಸಾಲಿನಲ್ಲಿ? ಕೊನೆಯ ಸಾಲಿನಲ್ಲಿ ಮಾತ್ರ. ಅಂದರೆ ನಾಲ್ಕೂ ಸಾವು ಎಕ್ಮೋ ಗುಂಪಿನಲ್ಲೇ ಆಗಿದ್ದರೆ ಮಾತ್ರ. ಎಕ್ಮೋ ಪರವಾಗಿ ಬರಬಹುದಾದ ಅತಿ ಒಳ್ಳೆಯ ಫಲಿತಾಂಶ ಸೊನ್ನೆ ಸಾವು. ಅದೇ ಬಂದಿದೆ. ಆದರೂ ಫಿಶರ್ 0.087ಕ್ಕಿಂತ ಕೆಳಗೆ ಇಳಿಯಲಾರದು. 9 ಮತ್ತು 10 ಶಿಶುಗಳು, ಒಟ್ಟು 4 ಸಾವು ಅಂತಾದ ಮೇಲೆ ಎಕ್ಮೋ ಗೆಲ್ಲುವ ದಾರಿಯೇ ಇರಲಿಲ್ಲ.

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ನೂರರಲ್ಲಿ 5 ಸಲ ತಪ್ಪು ಮಾಡಲು ನೀವು ಫಿಶರ್‌ಗೆ ಅನುಮತಿ ಕೊಟ್ಟಿದ್ದೀರಿ. ಅದು ಇಲ್ಲಿ ಬಳಸಿಕೊಂಡದ್ದು ಸುಮಾರು 3 ಸಲದಷ್ಟು, ಅದೂ ಪೂರ್ತಿ ಒಂದೇ ಬದಿಯಲ್ಲಿ. ಕಾರಣ, ಫಿಶರ್ ಸಾಲಿನ ಒಟ್ಟುಗಳ ಜೊತೆಗೆ ಕಂಬದ ಒಟ್ಟುಗಳನ್ನೂ ಮೊದಲೇ ನಿಗದಿಯಾಗಿದ್ದವು ಅಂತ ತೆಗೆದುಕೊಳ್ಳುತ್ತದೆ. ಫಿಶರ್ ಅವರ ಪ್ರಸಿದ್ಧ ಟೀ ಪ್ರಯೋಗದಲ್ಲಿ ಇದು ಸರಿ. 8 ಕಪ್ ಟೀ, 4ಕ್ಕೆ ಮೊದಲು ಹಾಲು ಹಾಕಿದ್ದು, 4ಕ್ಕೆ ಮೊದಲು ಟೀ ಹಾಕಿದ್ದು. ರುಚಿ ನೋಡುವ ಮಹಿಳೆಗೂ ‘4-4 ಇದೆ’ ಅಂತ ಗೊತ್ತು. ಆಸ್ಪತ್ರೆಯಲ್ಲಿ ಹಾಗಲ್ಲ. ಒಟ್ಟು ಎಷ್ಟು ಶಿಶುಗಳು ಸಾಯುತ್ತವೆ ಅಂತ ಮೊದಲೇ ಯಾರು ನಿಗದಿ ಮಾಡುತ್ತಾರೆ?

ಈ ಆಕ್ಷೇಪವನ್ನು ಎತ್ತಿಕೊಂಡು ಬರ್ನಾರ್ಡ್ 1945ರಲ್ಲೇ ಇನ್ನೊಂದು ಎಕ್ಸಾಕ್ಟ್ ಟೆಸ್ಟ್ ಸೂಚಿಸಿದರು. ಅದು ಗುಂಪಿನ ಗಾತ್ರವನ್ನು ಮಾತ್ರ ನಿಗದಿ ಅಂತ ತೆಗೆದುಕೊಳ್ಳುತ್ತದೆ. ಅದರ ಹತ್ತಿರದ ನೆಂಟ ಬೋಷ್ಲೂ ಟೆಸ್ಟ್. ಪೈಥಾನ್‌ನ ಸೈಪೈಯಲ್ಲಿ ಇವೆರಡೂ `barnard_exact` ಮತ್ತು `boschloo_exact` ಹೆಸರಲ್ಲಿ ಸಿಗುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇವುಗಳ ಲೆಕ್ಕ ಕಷ್ಟವಿತ್ತು. ಈಗ ಆ ನೆಪ ಇಲ್ಲ. ಆದರೆ ನಿಮ್ಮ ಗೈಡ್‌ಗೂ ಪರೀಕ್ಷಕರಿಗೂ ಈ ಹೆಸರು ಹೊಸದಾಗಿದ್ದರೆ ವಿವರಿಸಲು ಸಿದ್ಧರಿರಬೇಕು ಅಷ್ಟೇ.

ಯೇಟ್ಸ್ ತಿದ್ದುಪಡಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. 1934ರಲ್ಲಿ ಅದು ಹುಟ್ಟಿದ್ದೇ ಕೈ-ಸ್ಕ್ವೇರ್ ಅನ್ನು ಫಿಶರ್ ಲೆಕ್ಕದ ಹತ್ತಿರ ತರಲು. ಈಗ ಫಿಶರ್ ಅನ್ನೇ ಒಂದು ಕ್ಷಣದಲ್ಲಿ ಮಾಡಬಹುದಾದಾಗ ಅದರ ನಕಲು ಯಾಕೆ?

ಹೆಜ್ಜೆ 6: ಯಾವುದು ಅಂತ ಡೇಟಾ ನೋಡುವ ಮೊದಲೇ ಬರೆದಿಡಿ

ಇಲ್ಲಿ ಪಂಡಿತರಲ್ಲೇ ಎರಡು ಪಂಗಡ. ಕಾಕ್ರನ್ 1954ರಲ್ಲಿ ಕೊಟ್ಟ ನಿಯಮ ಹೀಗಿದೆ: ಒಟ್ಟು 20ಕ್ಕಿಂತ ಕಮ್ಮಿ ಇದ್ದರೆ ಫಿಶರ್. 20ರಿಂದ 40ರ ನಡುವೆ ಇದ್ದು, ಅತಿ ಸಣ್ಣ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಮ್ಮಿ ಇದ್ದರೂ ಫಿಶರ್. ಅದಕ್ಕೂ ದೊಡ್ಡದಾದರೆ ತಿದ್ದುಪಡಿ ಹಾಕಿದ ಕೈ-ಸ್ಕ್ವೇರ್. ಇಯಾನ್ ಕ್ಯಾಂಪ್‌ಬೆಲ್ 2007ರಲ್ಲಿ ಬೇರೆ ಸಲಹೆ ಕೊಟ್ಟರು: ನಿರೀಕ್ಷಿತ ಸಂಖ್ಯೆಗಳೆಲ್ಲ ಕನಿಷ್ಠ 1 ಇದ್ದರೆ ಸಾಕು, ‘ಎನ್ ಮೈನಸ್ 1’ ಕೈ-ಸ್ಕ್ವೇರ್ ಬಳಸಿ, 1ಕ್ಕಿಂತ ಕೆಳಗಿದ್ದರೆ ಮಾತ್ರ ಫಿಶರ್. ಸಾದಾ ಕೈ-ಸ್ಕ್ವೇರ್ ಬೆಲೆಯನ್ನು ಒಟ್ಟು ಸಂಖ್ಯೆಗಿಂತ ಒಂದು ಕಮ್ಮಿಯಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ.

ನಮ್ಮ ಟೇಬಲ್‌ಗೆ ಎರಡನ್ನೂ ಹಾಕಿ ನೋಡಿ. ಒಟ್ಟು 19, ಹಾಗಾಗಿ ಕಾಕ್ರನ್ ಪ್ರಕಾರ ಫಿಶರ್: 0.087. ಅತಿ ಸಣ್ಣ ನಿರೀಕ್ಷಿತ ಸಂಖ್ಯೆ 1.89, ಹಾಗಾಗಿ ಕ್ಯಾಂಪ್‌ಬೆಲ್ ಪ್ರಕಾರ ಎನ್ ಮೈನಸ್ 1: ಬೆಲೆ 4.32, ಪಿ-ವ್ಯಾಲ್ಯೂ 0.038. ಇಬ್ಬರ ಹಿಂದೆಯೂ ಗಟ್ಟಿಯಾದ ಲೆಕ್ಕ ಇದೆ, ಉತ್ತರ ಮಾತ್ರ ಗೆರೆಯ ಆಚೆ ಒಂದು, ಈಚೆ ಒಂದು. ಎರಡನ್ನೂ ಓಡಿಸಿ ಚಂದ ಕಂಡದ್ದನ್ನು ಆರಿಸಿಕೊಳ್ಳುವ ಆಸೆ ಹುಟ್ಟುವುದು ಇಲ್ಲೇ. ಅದಕ್ಕೇ ಸಿನಾಪ್ಸಿಸ್ ಬರೆಯುವಾಗಲೇ ಒಂದು ಸಾಲು ಹಾಕಿಬಿಡಿ.

ನಾನು ಥೀಸಿಸ್‌ಗಳಿಗೆ ಹಾಕಿಸುವ ಸಾಲು ಇದು: ‘ಅತಿ ಸಣ್ಣ ನಿರೀಕ್ಷಿತ ಸಂಖ್ಯೆ 5 ಅಥವಾ ಹೆಚ್ಚಿದ್ದರೆ ತಿದ್ದುಪಡಿ ಇಲ್ಲದ ಕೈ-ಸ್ಕ್ವೇರ್, ಕಮ್ಮಿ ಇದ್ದರೆ ಫಿಶರ್ ಎಕ್ಸಾಕ್ಟ್ ಟೆಸ್ಟ್, ಎರಡೂ ಬದಿ.’ ಫಿಶರ್ ಜಿಪುಣ ಅಂತ ಗೊತ್ತಿದ್ದೂ ಹೀಗೆ ಬರೆಸುತ್ತೇನೆ. ಸಣ್ಣ ಟೇಬಲ್ಲಿನಲ್ಲಿ ಇಲ್ಲದ ವ್ಯತ್ಯಾಸವನ್ನು ಸಾರುವುದಕ್ಕಿಂತ ಇರುವ ವ್ಯತ್ಯಾಸವನ್ನು ಬಿಟ್ಟುಬಿಡುವುದು ವಾಸಿ ಅನ್ನುವುದು ನನ್ನ ಲೆಕ್ಕ. ನಿಮ್ಮ ವಿಷಯದಲ್ಲಿ ಅದು ಉಲ್ಟಾ ಇದ್ದರೆ, ಉದಾಹರಣೆಗೆ ಔಷಧದ ಅಡ್ಡಪರಿಣಾಮ ಹುಡುಕುತ್ತಿದ್ದರೆ, ಕ್ಯಾಂಪ್‌ಬೆಲ್ ದಾರಿಯನ್ನೇ ಬರೆಯಿರಿ. ಮೊದಲೇ ಬರೆದಿರಬೇಕು ಅನ್ನುವುದೊಂದೇ ನನ್ನ ಹಟ.

ಹೆಜ್ಜೆ 7: ಓಡಿಸಿ, ಓದಿ, ಬರೆಯಿರಿ

ಆರ್‌ನಲ್ಲಿ ಇಷ್ಟು ಸಾಕು:

```r
tab <- matrix(c(0, 9, 4, 6), nrow = 2, byrow = TRUE)
chisq.test(tab)$expected
chisq.test(tab, correct = FALSE)
fisher.test(tab)
```

ಎರಡನೇ ಸಾಲು ನಿರೀಕ್ಷಿತ ಸಂಖ್ಯೆಗಳನ್ನು ತೋರಿಸುತ್ತದೆ. ಜೊತೆಗೆ `Chi-squared approximation may be incorrect` ಎಂಬ ಎಚ್ಚರಿಕೆಯೂ ಬರುತ್ತದೆ. ಅದು ದೋಷವಲ್ಲ, ಹೆಜ್ಜೆ 2 ನೆನಪಿಸುವ ಗಂಟೆ. ಮೂರನೇ ಸಾಲಿನಲ್ಲಿ `correct = FALSE` ಬಿಟ್ಟರೆ ಆರ್ ತಾನಾಗಿಯೇ ಯೇಟ್ಸ್ ತಿದ್ದುಪಡಿ ಹಾಕಿ 0.116 ಕೊಡುತ್ತದೆ. ನಿಮ್ಮ ಉತ್ತರವೂ ಗೆಳೆಯನ ಉತ್ತರವೂ ತಾಳೆಯಾಗದಿದ್ದರೆ ಮೊದಲು ಇದನ್ನೇ ನೋಡಿ. ಎಸ್‌ಪಿಎಸ್‌ಎಸ್‌ನಲ್ಲಿ ಫಿಶರ್ ಸಾಲಿನಲ್ಲಿ ಎರಡು ಸಂಖ್ಯೆ ಇರುತ್ತವೆ, ಎರಡು ಬದಿಯ 0.087 ಮತ್ತು ಒಂದು ಬದಿಯ 0.054. ಸಣ್ಣದು ಕಣ್ಣಿಗೆ ಹಿತ. ಆದರೆ ಕೈ-ಸ್ಕ್ವೇರ್ ಪಿ-ವ್ಯಾಲ್ಯೂ ಎರಡು ಬದಿಯದ್ದು, ಹಾಗಾಗಿ ಅದರ ಪಕ್ಕ ಇಡಬೇಕಾದ್ದು 0.087.

ಸೊನ್ನೆ ಇರುವ ಮನೆಗೆ 0.5 ಸೇರಿಸುವ ಅಭ್ಯಾಸ ಕೆಲವರಿಗಿದೆ. ಆಡ್ಸ್ ರೇಶಿಯೋ ಲೆಕ್ಕಕ್ಕೆ ಅದು ಬೇಕಾಗಬಹುದು. ಫಿಶರ್‌ಗೆ ಸೊನ್ನೆಯಿಂದ ಏನೂ ತೊಂದರೆ ಇಲ್ಲ, ಮುಟ್ಟಬೇಡಿ.

ಬರೆಯುವಾಗ ಪಿ-ವ್ಯಾಲ್ಯೂ ಒಂದನ್ನೇ ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಬಹುದು: ‘ಎಕ್ಮೋ ಪಡೆದ 9 ಶಿಶುಗಳಲ್ಲಿ ಯಾವುದೂ ಸಾಯಲಿಲ್ಲ, ಮಾಮೂಲಿ ಚಿಕಿತ್ಸೆಯ 10ರಲ್ಲಿ 4 ಸತ್ತವು. ನೂರಕ್ಕೆ 40 ಸಾವಿನ ವ್ಯತ್ಯಾಸ, ನ್ಯೂಕೊಂಬ್ ವಿಧಾನದ 95 ಶೇಕಡಾ ವ್ಯಾಪ್ತಿ 2ರಿಂದ 69. ಫಿಶರ್ ಎಕ್ಸಾಕ್ಟ್ ಟೆಸ್ಟ್, ಎರಡು ಬದಿ, ಪಿ-ವ್ಯಾಲ್ಯೂ 0.087.’ ವ್ಯಾಪ್ತಿಯ ಕೆಳ ಅಂಚು ಸೊನ್ನೆಗಿಂತ ಮೇಲಿದೆ, ಪಿ-ವ್ಯಾಲ್ಯೂ ಮಾತ್ರ 0.05ರ ಮೇಲಿದೆ. ಪರೀಕ್ಷಕರು ಇದನ್ನು ಹಿಡಿದೇ ಹಿಡಿಯುತ್ತಾರೆ. ಗಾಬರಿ ಬೇಡ. ಈ ವ್ಯಾಪ್ತಿ ಫಿಶರ್‌ನಂತೆ ಸಾವಿನ ಒಟ್ಟನ್ನು ಕಟ್ಟಿಹಾಕುವುದಿಲ್ಲ, ಅಷ್ಟೇ. ನಿಜವಾದ ಸುದ್ದಿ ಇರುವುದು ಆ 2 ಮತ್ತು 69ರ ನಡುವಿನ ದೂರದಲ್ಲಿ.

ಈ ಟೇಬಲ್ಲಿನ ಹಿಂದೆ ಇದ್ದ ನಿಯಮ

ಇಷ್ಟೆಲ್ಲ ಮಾಡಿದ ಮೇಲೂ ಬೋಸ್ಟನ್ ಟೇಬಲ್‌ಗೆ ಈ ಯಾವ ಪರೀಕ್ಷೆಯೂ ಪೂರ್ತಿ ಹೊಂದುವುದಿಲ್ಲ. ಅಲ್ಲಿ ‘ಯಾವುದಾದರೂ ಒಂದು ಗುಂಪಿನಲ್ಲಿ ನಾಲ್ಕನೇ ಸಾವು ಆದ ಕೂಡಲೇ ಚೀಟಿ ಎತ್ತುವುದನ್ನು ನಿಲ್ಲಿಸಬೇಕು’ ಅಂತ ಮೊದಲೇ ನಿಯಮ ಇತ್ತು. ಅಂದರೆ 19 ಅನ್ನುವ ಸಂಖ್ಯೆಯೇ ಸಾವುಗಳ ಮೇಲೆ ನಿಂತಿತ್ತು. ಕೈ-ಸ್ಕ್ವೇರ್‌ಗೂ ಫಿಶರ್‌ಗೂ ಈ ಸಂಗತಿ ಗೊತ್ತಿಲ್ಲ. ನಿಲ್ಲಿಸಿದ ಮೇಲೆ ಇನ್ನೂ 20 ಶಿಶುಗಳಿಗೆ ಎಕ್ಮೋ ಕೊಟ್ಟರು, 19 ಬದುಕಿದವು. ಆದರೆ ಅವಕ್ಕೆ ಜೊತೆಯಲ್ಲಿ ಹೋಲಿಸಲು ಮಾಮೂಲಿ ಗುಂಪು ಇರಲಿಲ್ಲ. ಹಾಗಾಗಿ ಎರಡನ್ನೂ ಕೂಡಿಸಿ 29ರಲ್ಲಿ 28 ಅಂತ ಟೇಬಲ್‌ಗೆ ತುಂಬಿ ಪರೀಕ್ಷೆ ಹಾಕುವುದೂ ಸರಿಯಲ್ಲ. ನಿಮ್ಮ ಅಧ್ಯಯನವನ್ನೂ ಫಲಿತಾಂಶ ನೋಡಿ ಮಧ್ಯೆ ನಿಲ್ಲಿಸಿದ್ದರೆ ಟೇಬಲ್ ಮಾಡುವ ಮೊದಲೇ ಸಂಖ್ಯಾಶಾಸ್ತ್ರಜ್ಞರಿಗೆ ಹೇಳಿಬಿಡಿ.

ಎಕ್ಮೋದಿಂದ ಶಿಶುಗಳು ಉಳಿಯುತ್ತವೆಯೇ ಅನ್ನುವ ವಾದ ತೀರಿದ್ದು 1996ರಲ್ಲಿ, ಬ್ರಿಟನ್‌ನ ದೊಡ್ಡ ಪ್ರಯೋಗದಲ್ಲಿ. 185 ಶಿಶುಗಳು. ಎಕ್ಮೋ ಗುಂಪಿನ 93ರಲ್ಲಿ 30 ಸಾವು, ಮಾಮೂಲಿ ಗುಂಪಿನ 92ರಲ್ಲಿ 54. ಅತಿ ಸಣ್ಣ ನಿರೀಕ್ಷಿತ ಸಂಖ್ಯೆ 42ರ ಹತ್ತಿರ. ಸಾದಾ ಕೈ-ಸ್ಕ್ವೇರ್, ಯೇಟ್ಸ್, ಫಿಶರ್, ಯಾವುದನ್ನೇ ಹಾಕಿ, ಪಿ-ವ್ಯಾಲ್ಯೂ 0.001ಕ್ಕಿಂತ ಕೆಳಗೇ ಇರುತ್ತದೆ.